ಎಣಿಕೆಗೆ ಸಿಗದ ನಿಮಿಷಗಳು: ಡೇಟಾ ಲೇಬಲಿಂಗ್ ಕೆಲಸಗಾರರ ಕೂಲಿ

ಚಿತ್ರದಲ್ಲಿ ಕಂಡ ಸೈಕಲ್ಲಿನ ಸುತ್ತ ಚೌಕ ಎಳೆಯುವುದು, ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು, ಎರಡು ಉತ್ತರಗಳಲ್ಲಿ ಯಾವುದು ಮೇಲೆಂದು ಗುರುತಿಸುವುದು: ಕೃತಕ ಬುದ್ಧಿಮತ್ತೆ ಕಲಿಯುವುದು ಮನುಷ್ಯರ ಇಂಥ ದುಡಿಮೆಯಿಂದ. ಇದರ ಮೂಲಪಾಠ ಮೇರಿ ಗ್ರೇ ಮತ್ತು ಸಿದ್ಧಾರ್ಥ ಸೂರಿ 2019ರಲ್ಲಿ ಹೊರತಂದ ‘ಘೋಸ್ಟ್ ವರ್ಕ್’ ಪುಸ್ತಕದಲ್ಲಿ ವಿವರವಾಗಿ ಸಿಗುವುದರಿಂದ ಇಲ್ಲಿ ಬೆಳೆಸಬೇಕಿಲ್ಲ. ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಕಾರ್ಮಿಕ ವಕೀಲರು. ಕೂಲಿಯ ತಕರಾರು ಬಂದರೆ ಮೊದಲು ಹಾಜರಿ ಪುಸ್ತಕ ತರಿಸಿ ನೋಡುತ್ತಿದ್ದವರು. ಆದ್ದರಿಂದ ಇಲ್ಲಿಯೂ ಚರ್ಚೆ ಹೊತ್ತಿನ ಲೆಕ್ಕದಿಂದಲೇ ಶುರುವಾಗಲಿ.

ಒಂದು ನಿಮಿಷದ ಕನ್ನಡ ಆಡಿಯೊ ಬರೆದುಕೊಟ್ಟರೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ನುರಿತವರಿಗೆ ಒಂದು ನಿಮಿಷದ ಮಾತಿಗೆ ಆರು ನಿಮಿಷ ಸಾಕೆಂದು ಲೆಕ್ಕ ಹಾಕುವ ಕಂಪನಿ, ಗಂಟೆಗೆ 100 ರೂಪಾಯಿ ಸಿಗುತ್ತದೆ ಎನ್ನುತ್ತದೆ. ಆದರೆ ಆಡಿಯೊದಲ್ಲಿ ಬಸ್ಸಿನ ಸದ್ದಿದ್ದರೆ, ಇಬ್ಬರು ಒಟ್ಟಿಗೆ ಮಾತಾಡಿದ್ದರೆ ಹತ್ತು ನಿಮಿಷ ಹಿಡಿಯುತ್ತದೆ. ಎಂಟು ಗಂಟೆಯಲ್ಲಿ ಎರಡು ಗಂಟೆ ಹೊಸ ಕೆಲಸಕ್ಕೆ ಕಾಯುವುದರಲ್ಲಿ, ಬದಲಾದ ನಿಯಮಾವಳಿ ಓದುವುದರಲ್ಲಿ ಹೋದರೆ ಉಳಿದದ್ದು ಆರು. ಅಷ್ಟರಲ್ಲಿ 36 ನಿಮಿಷದ ಆಡಿಯೊ ಮುಗಿದು, ನಾಲ್ಕು ನಿಮಿಷದ್ದು ತಿರಸ್ಕಾರವಾದರೆ ಕೈಗೆ ಬರುವುದು 320 ರೂಪಾಯಿ, ಎಂದರೆ ಗಂಟೆಗೆ 40.

ಇದು ಉದಾಹರಣೆಯ ಲೆಕ್ಕ ನಿಜ, ಆದರೆ ಊಹೆಯ ಸ್ಥಿತಿಯಲ್ಲ. ಅಮೆಜಾನಿನ ಮೆಕ್ಯಾನಿಕಲ್ ಟರ್ಕ್ ವೇದಿಕೆಯಲ್ಲಿ 2,676 ಜನ ಮಾಡಿದ 38 ಲಕ್ಷ ಕೆಲಸಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕೆಲಸ ಹುಡುಕಿದ ಹೊತ್ತು, ತಿರಸ್ಕಾರವಾದ ಕೆಲಸ, ಅರ್ಧಕ್ಕೆ ಬಿಟ್ಟ ಕೆಲಸ ಎಲ್ಲವನ್ನೂ ಸೇರಿಸಿದಾಗ ನಡುವಿನ ಗಳಿಕೆ ಗಂಟೆಗೆ ಸುಮಾರು 2 ಡಾಲರ್. ಅಮೆರಿಕದ ಕನಿಷ್ಠ ವೇತನವಾದ 7.25 ಡಾಲರನ್ನು ದಾಟಿದವರು ಶೇ 4 ಮಾತ್ರ.

ತಿರಸ್ಕಾರದ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಧಾರವಾಡ ಕಡೆಯ ಒಬ್ಬರು ‘ನಾ ಹೊಂಟೀನಿ’ ಎಂದದ್ದನ್ನು ಕೇಳಿಸಿದಂತೆಯೇ ಬರೆದರೆ, ಗ್ರಾಂಥಿಕ ಕನ್ನಡಕ್ಕೆ ಒಗ್ಗಿದ ಪರಿಶೀಲಕರು ಅದನ್ನು ತಪ್ಪೆಂದು ಗುರುತಿಸಬಹುದು. ಮೂವರು ಒಂದೇ ತುಣುಕನ್ನು ಬರೆದು ಬಹುಮತದ ಉತ್ತರಕ್ಕೆ ಮಾತ್ರ ದುಡ್ಡು ಸಿಗುವ ಕಡೆ, ಆ ಸೀಮೆಯ ಮಾತನ್ನು ಚೆನ್ನಾಗಿ ಬಲ್ಲ ಒಬ್ಬಳೇ ಸೋಲುತ್ತಾಳೆ. ಅವಳಿಗೆ ಕೂಲಿಯೂ ಇಲ್ಲ, ಯಂತ್ರಕ್ಕೆ ಆ ಮಾತೂ ಇಲ್ಲ. ತಿರಸ್ಕಾರಕ್ಕೆ ಕಾರಣ ಬರೆದು ತಿಳಿಸದ, ಮೇಲ್ಮನವಿಗೆ ದಾರಿ ಕೊಡದ ಪದ್ಧತಿ ಗುಣಮಟ್ಟದ ಹೆಸರಿನಲ್ಲಿ ಕೂಲಿ ಕಡಿತವೇ ಹೌದು.

‘ಆಯಾ ಊರಿನ ಬೇರೆ ಕೆಲಸಗಳಿಗೆ ಹೋಲಿಸಿದರೆ ಇದೇ ಹೆಚ್ಚು, ದರ ಏರಿಸಿದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆ’ ಎಂಬುದು ಎದುರು ಪಕ್ಷದ ವಾದ. ಅದನ್ನು ನೈರೋಬಿಯಲ್ಲಿಟ್ಟು ನೋಡಬೇಕು. ಚಾಟ್‌ಜಿಪಿಟಿಗಾಗಿ ಹಿಂಸೆ, ಲೈಂಗಿಕ ದೌರ್ಜನ್ಯದ ಪಠ್ಯಗಳನ್ನು ಓದಿ ಗುರುತಿಸಿದ ಕೀನ್ಯಾದ ನೌಕರರ ಕೈಗೆ ಗಂಟೆಗೆ 1.32ರಿಂದ 2 ಡಾಲರ್ ಬರುತ್ತಿತ್ತು ಎಂದು ‘ಟೈಮ್’ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ಓಪನ್‌ಎಐ ಗುತ್ತಿಗೆ ಸಂಸ್ಥೆ ಸಾಮಾಕ್ಕೆ ಕೊಡಲು ಒಪ್ಪಿದ್ದ ದರ ಗಂಟೆಗೆ 12.50 ಡಾಲರ್. ಅದರಲ್ಲಿ ಕಟ್ಟಡ, ಮೇಲ್ವಿಚಾರಕರ ಸಂಬಳ ಎಲ್ಲ ಸೇರಿದೆ ಎಂಬುದು ಸಾಮಾದ ಸಮಜಾಯಿಷಿ. ಖರ್ಚು ಇರಲಿ, ಒಪ್ಪೋಣ. ಆದರೆ ಕೊಳ್ಳುವವರು ಕೊಡುವ ದರಕ್ಕೂ ದುಡಿದವರ ಕೈ ಸೇರುವುದಕ್ಕೂ ಆರು ಪಟ್ಟಿಗೂ ಮೀರಿದ ಅಂತರವಿರುವಾಗ, ‘ದರ ಏರಿಸಲಾಗದು’ ಎಂಬ ಮಾತು ನಿಲ್ಲುವುದಿಲ್ಲ. ದುಡಿದವರ ಕೈಗೆ ಎಷ್ಟು ಸೇರಬೇಕೆಂಬುದು ಗುತ್ತಿಗೆಯ ಕರಾರಿನಲ್ಲೇ ಬರೆದಿರಬೇಕು.

ಹೆಚ್ಚು ಕೊಟ್ಟೂ ನಡೆಸಬಹುದೆಂಬುದಕ್ಕೆ ಬೆಂಗಳೂರಿನ ‘ಕಾರ್ಯ’ ಸಂಸ್ಥೆಯೇ ಸಾಕ್ಷಿ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೊಬೈಲಿನ ಮೂಲಕ ಕನ್ನಡ ಮಾತನ್ನು ಧ್ವನಿಮುದ್ರಿಸಿಕೊಂಡದ್ದಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ದತ್ತಾಂಶ ಮತ್ತೆ ಮಾರಾಟವಾದರೆ ಮಾತಾಡಿದವರಿಗೆ ರಾಯಧನವನ್ನೂ ಗೊತ್ತು ಮಾಡಿತು. ಈ ಮಾದರಿಯನ್ನೇ ಪರಿಹಾರ ಎನ್ನುವವರು ಮರೆಯುವ ಅಂಶವೊಂದಿದೆ. ಹೆಚ್ಚು ಜನರಿಗೆ ಅವಕಾಶ ಸಿಗಲೆಂದು ಒಬ್ಬರ ಗಳಿಕೆಗೆ ಅಲ್ಲಿ 1,500 ಡಾಲರ್ ಮಿತಿ ಇಟ್ಟಿದ್ದರು. ಉಪ ಆದಾಯಕ್ಕೆ ಅದು ಸೊಗಸಾದ ಏರ್ಪಾಡು. ಆದರೆ ಇದೇ ಕೆಲಸದಲ್ಲಿ ವರ್ಷಗಟ್ಟಲೆ ಕುಳಿತು ಬದುಕುವವರಿಗೆ ಬೇಕಾದದ್ದು ನಿಂತ ಸಂಬಳ, ಭವಿಷ್ಯ ನಿಧಿ, ರಜೆ. ಘೋರ ವಿಷಯಗಳನ್ನು ನೋಡಬೇಕಾದವರಿಗೆ ದಿನಕ್ಕಿಷ್ಟೇ ಗಂಟೆಯೆಂಬ ಮಿತಿಯೂ ಕೆಲಸ ಬಿಟ್ಟ ಮೇಲೂ ಸಿಗುವ ಆಪ್ತಸಮಾಲೋಚನೆಯೂ ಬೇಕು.

ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಾರಣ ಬರೆದು 14 ದಿನ ಮುಂಚಿತವಾಗಿ ತಿಳಿಸದೆ ಯಾರನ್ನೂ ಕೈಬಿಡುವಂತಿಲ್ಲ. ಅದರ ಚರ್ಚೆಯಲ್ಲಿ ಎದ್ದು ಕಂಡವರು ಡೆಲಿವರಿ ಹುಡುಗರು ಮತ್ತು ಕ್ಯಾಬ್ ಚಾಲಕರು. ಲೇಬಲಿಂಗ್ ವೇದಿಕೆಗಳಲ್ಲಿ ಮನೆಯಿಂದಲೇ ದುಡಿಯುವವರೂ ಅದರಡಿ ಬರುತ್ತಾರೆಂದು ಸರ್ಕಾರ ಹೆಸರಿಟ್ಟು ಹೇಳಬೇಕು. ತಿರಸ್ಕಾರವಾದ ಪ್ರತಿ ಕೆಲಸಕ್ಕೂ ಕಾರಣ ಕೊಡುವುದನ್ನು, ಕಾದ ಹೊತ್ತಿಗೂ ಕೂಲಿ ಕಟ್ಟುವುದನ್ನು ನಿಯಮಗಳಲ್ಲೇ ಸೇರಿಸಬೇಕು.