ನಮ್ಮ ಸರ್ ತೆರೆದ ರಜಿಸ್ಟರು
(ಗುರುಗಳ ನಿವೃತ್ತಿ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯ ಭಾಷಣ)



ನಮ್ಮ ಸರ್ ಮೂವತ್ತು ವರ್ಷ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಕಲಿಸಿದರು. ಅದರಲ್ಲಿ ಹನ್ನೊಂದು ವರ್ಷ ನಮ್ಮೂರಿನವು. ಅವರ ಬಗ್ಗೆ ಎಲ್ಲ ಹೇಳಲಿಕ್ಕೆ ಹೊತ್ತಿಲ್ಲ, ಎರಡೇ ಮಾತು ಹೇಳ್ತೀನಿ.

ಮೊದಲನೆಯದು ಮರಾಠಿ ಅಂಕಿಗಳದು. ನಾವು ಅಕ್ಕಲಕೋಟ ತಾಲೂಕಿನವರು, ಮನೆಯಾಗ ಕನ್ನಡ, ಪುಸ್ತಕ ಕನ್ನಡ, ಆದರೆ ಪ್ಯಾಟಿ, ಕಚೇರಿ, ಎಸ್.ಟಿ. ಬಸ್ಸು ಎಲ್ಲಾ ಮರಾಠಿ. ಕನ್ನಡದಾಗ ‘ಇಪ್ಪತ್ತೈದು’ ಅಂದ್ರ ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯ ‘ಪಂಚವೀಸ’ದಾಗ ಐದು ಮೊದಲು, ಇಪ್ಪತ್ತು ಆಮೇಲೆ. ಹಂಗಾಗಿ ನಾವು ಕೇಳಿದ ಹಾಗೇ 52 ಬರೀತಿದ್ದಿವಿ. ಇದಕ್ಕಿಂತ ಫಜೀತಿ ‘ಏಕೋಣತೀಸ’ದ್ದು. ಅದು 29, ಅಂದ್ರ ಮೂವತ್ತಕ್ಕ ಒಂದು ಕಡಿಮಿ. ‘ಏಕತೀಸ’ 31. ಕಿವಿಗೆ ಎರಡೂ ಒಂದೇ ಥರ. ಸರ್ ಹೊಡೀಲಿಲ್ಲ, ‘ದಡ್ಡ’ ಅನಲಿಲ್ಲ. “ನಿಮ್ಮ ತಪ್ಪಲ್ಲೋ, ಭಾಷಾನೇ ತಿರುವಿ ಹಾಕ್ಯದ” ಅಂದ್ರು. ಒಬ್ಬರನ್ನು ಅಂಗಡಿಯವ ಮಾಡಿ, ಹುಣಸಿಬೀಜ ಕೊಟ್ಟು, ಮರಾಠಿಯಾಗ ರೇಟು ಕೂಗಿಸಿ, ಕನ್ನಡದಾಗ ಎಣಿಸಿ ಕೊಡಲಿಕ್ಕೆ ಹಚ್ಚಿದರು. ‘ಕೋಣ’ ಕೇಳಿದ ಕೂಡಲೇ ಒಂದು ಬೀಜ ವಾಪಸ್ ತಗೀಬೇಕು. ಕೋಣದ ಹೆಸರಿಗೆ ನಕ್ಕು ನಕ್ಕು ಕಲಿತಿವಿ.

ಎರಡನೆಯದು ನಮ್ಮನಿ ಮಾತು. ನಾನು ಹತ್ತನೇ ಪಾಸಾದ ಮೇಲೆ ಸ್ಕಾಲರ್‌ಶಿಪ್ಪಿಗೆ ಜಾತಿ ದಾಖಲೆ ಬೇಕಾಯಿತು. ಅರ್ಜಿ ವಾಪಸ್ ಬಂತು. 10 ಆಗಸ್ಟ್ 1950ಕ್ಕಿಂತ ಮೊದಲಿನಿಂದ ನಮ್ಮ ಮನೆತನ ಮಹಾರಾಷ್ಟ್ರದಾಗೇ ಇತ್ತು ಅನ್ನೋ ಪುರಾವೆ ಇಲ್ಲ ಅಂತ. ಪರಿಶಿಷ್ಟ ಜಾತಿಯವರಿಗೆ ಆ ತಾರೀಖೇ ಮುಖ್ಯ. ಗಡಿ ಜನಕ್ಕೆ ಇದು ದೊಡ್ಡ ಕಾಟ. ಅವ್ವನ ತವರು ಅಫಜಲಪುರದ ಕಡೆ, ಅತ್ತಿ ಮನಿ ಇಂಡಿ ಕಡೆ. ಆ ಕಾಗದ ನಡೆಯೋದಿಲ್ಲ, ಅಪ್ಪನ ಕಡೆಯದೇ ಬೇಕು. ನಮಗೆ ಹೊಲ ಇಲ್ಲ, ಹಾಗಾಗಿ ಹಳೇ ಉತಾರಾನೂ ಇಲ್ಲ. ಅಪ್ಪ ಕೈಚೆಲ್ಲಿ ಕೂತ.

ಸರ್ ಮನೀಗೆ ಬಂದ್ರು. “ನಿಮ್ಮಪ್ಪ ಸಾಲಿಗೆ ಹೋಗಿದ್ನೇನಪಾ?” ಅಂತ ಅಪ್ಪನ್ನ ಕೇಳಿದ್ರು. “ಇಲ್ರಿ ಸರ್, ಹೆಬ್ಬಟ್ಟು ಒತ್ತತಿದ್ದ” ಅಂದ ಅಪ್ಪ. “ಹೆಬ್ಬಟ್ಟು ಒತ್ತೋರೆಲ್ಲ ಸಾಲಿ ನೋಡಿಲ್ಲ ಅಂತ ಯಾರು ಹೇಳಿದ್ರು?” ಅಂದ್ರು.

ಮೂರು ದಿನ ಸಂಜಿ, ಶಾಲೆ ಬಿಟ್ಟ ಮೇಲೆ, ಕಪಾಟಿನ ಜನರಲ್ ರಜಿಸ್ಟರುಗಳನ್ನು ತೆಗೆದು ಕೂತಿವಿ. ಹುಳ ತಿಂದ ಹಾಳೆ, ಮಾಸಿದ ಶಾಯಿ. ಹೆಸರು, ಜಾತಿ, ಹುಟ್ಟಿದ ತಾರೀಖು, ದಾಖಲಾದ ದಿನ, ಬಿಟ್ಟ ಕಾರಣ ಒಂದೊಂದು ಕಾಲಮ್ಮಿನಾಗ. ಅಡ್ಡಹೆಸರು ಹಿಡಿದು ಹುಡುಕಿದರೆ ಸಿಗೋದಿಲ್ಲ, ಆಗ ನಮ್ಮವರಿಗೆ ಅಡ್ಡಹೆಸರು ಬರೀತಿರಲಿಲ್ಲ, ‘ಇಂಥವ ಬಿನ್ ಇಂಥವ’ ಅಷ್ಟೇ. ಸರ್ ಮುತ್ತಜ್ಜನ ಹೆಸರು ಹಿಡಿದು ಬೆರಳಾಡಿಸಿದರು. ಮೂರನೇ ಸಂಜಿ ಸಿಕ್ಕಿತು. ಅಜ್ಜ 1946ರ ಜುಲೈದಾಗ ಒಂದನೇತ್ತಾ ಸೇರಿದ್ದ. ಜಾತಿ ಕಾಲಮ್ಮಿನಾಗ ನಮ್ಮ ಜಾತಿ. ಬಿಟ್ಟ ಕಾರಣ, ‘ಬಹಳ ದಿನ ಗೈರಹಾಜರ’. ಎಂಟು ತಿಂಗಳು ಕಲಿತಿದ್ದ. ಅಪ್ಪಗ ಅದು ಗೊತ್ತೇ ಇರಲಿಲ್ಲ, ಅಜ್ಜ ಸಾಯೋ ತನಕ ಹೇಳಿರಲಿಲ್ಲ.

ನಾನು ಗಡಬಡಿಸಿ ವಂಶಾವಳಿ ಬರೆದೆ. ಅಜ್ಜನ ಹುಟ್ಟಿದ ದಿನ ಅಕ್ಷರದಾಗ ‘ಏಕೋಣತೀಸ ಮೇ’ ಅಂತಿತ್ತು. ನಾನು 31 ಬರೆದಿದ್ದೆ! ಸರ್ ಕನ್ನಡಕ ಏರಿಸಿ, “ಕೋಣ ಎಲ್ಲಿ ಹೋತೋ?” ಅಂದ್ರು. ತಿದ್ದಿದೆ. ರಜಿಸ್ಟರಿನಾಗ ಒಂದು, ಪ್ರತಿಜ್ಞಾಪತ್ರದಾಗ ಒಂದು ಇದ್ದಿದ್ದರೆ ಅರ್ಜಿ ಮತ್ತೆ ವಾಪಸ್ ಬರುತ್ತಿತ್ತು. ಮುಖ್ಯಾಧ್ಯಾಪಕರ ಸಹಿ, ಶಿಕ್ಕೆ ಇರೋ ಉತಾರಾ, ಅಪ್ಪನ ಮತ್ತು ನನ್ನ ಶಾಲೆ ಬಿಟ್ಟ ದಾಖಲೆ, ಮೂರೂ ತಲೆಮಾರು ಕೂಡಿಸಿ ಕೊಟ್ಟಿವಿ. ಜಾತಿ ದಾಖಲೆ ಬಂತು. ಅದರ ಮೇಲೆಯೇ ನಾನು ಇವತ್ತು ಸೋಲಾಪುರದಾಗ ಬಿ.ಎ. ಓದ್ತಾ ಇದ್ದೀನಿ.

ಅಲ್ಲಿಗೆ ಸರ್ ಬಿಡಲಿಲ್ಲ. 1950ರ ಹಿಂದಿನ ನಮ್ಮ ಓಣಿಯ ಹುಡುಗರ ಹೆಸರನ್ನೆಲ್ಲ, ರಜಿಸ್ಟರಿನ ನಂಬರ ಸಮೇತ, ಇನ್ನೂರು ಪುಟದ ನೋಟಬುಕ್ಕಿನಾಗ ಇಳಿಸಿದರು. ಎಲ್ಲಾ ಮನಿಯವರ ಹೆಸರೂ ಅದರಾಗ ಇಲ್ಲ. ಎಷ್ಟೋ ಅಜ್ಜಂದಿರು ಖರೇನೇ ಸಾಲಿ ಮೆಟ್ಟಲ ಹತ್ತಿರಲಿಲ್ಲ, ಅಜ್ಜಿಯರದಂತೂ ಒಂದೂ ಹೆಸರಿಲ್ಲ. ಇದ್ದವರ ಹೆಸರು ಮಾತ್ರ ಈಗ ಹುಡುಕೋದು ಬೇಕಾಗಿಲ್ಲ. ಆ ನೋಟಬುಕ್ಕಿನ ಒಂದು ಝೆರಾಕ್ಸು ನಮ್ಮ ಸಂಘದ ಟ್ರಂಕಿನಾಗ ಅದ. ಹನ್ನೊಂದನೇ, ಹನ್ನೆರಡನೇ ಓದೋ ತಮ್ಮ ತಂಗಿಯರು ಈಗೇ ಬಂದು ನೋಡಿಕೊಳ್ಳಿ, ಅಡ್ಮಿಶನ್ ಟೈಮಿಗೆ ಓಡಾಡಬ್ಯಾಡ್ರಿ.

ಸರ್, ಅಜ್ಜನ ಹೆಸರಿನ ಆ ಉತಾರಾದ ನಕಲಿಗೆ ಅಪ್ಪ ಫ್ರೇಮ್ ಹಾಕಿಸ್ಯಾನ. ನಮ್ಮನಿಯಾಗ ಬಾಬಾಸಾಹೇಬರ ಫೋಟೋದ ಬಾಜೂಕ ಅದ. ಅಜ್ಜಂದು ಬ್ಯಾರೆ ಫೋಟೋ ಇಲ್ಲ. ನಾಳೆಯಿಂದ ನಿಮಗೆ ಗಂಟಿ ಇಲ್ಲ, ಮಸ್ಟರ್ ಇಲ್ಲ. ಒಂದು ದಿನ ಬಂದು ನೋಡಿ, ಊಟ ಮಾಡಿ ಹೋಗ್ರಿ. ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಡ್ತೀನಿ ಅಂದಾಳ.

ಜೈ ಭೀಮ್.