ಮೌಶಿ ಕಳಿಸುವ ಗುಲಾಬಿ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಬೆಳಿಗ್ಗೆ ನಿಮ್ಮ ಮೊಬೈಲಿಗೆ ಎಷ್ಟು ಗುಲಾಬಿ ಬಂದವು ಅಂತ ಕೇಳಿದರೆ ಇಲ್ಲಿರುವ ಎಲ್ಲರೂ ನಗುತ್ತೀರಿ. ನಾನೂ ನಗುತ್ತಿದ್ದೆ. ಒಂದು ದಿನ ಮಾತ್ರ ನಗು ಹೋಗಿ ಸಿಟ್ಟು ಬಂತು. ಆ ಸಿಟ್ಟಿನಿಂದ ಏನಾಯಿತು ಅನ್ನುವುದನ್ನೇ ಹೇಳೋಣ ಅಂತ ಬಂದಿದ್ದೇನೆ.

ನಮ್ಮ ತಾಯಿಯ ಕಡೆಯವರ ಗ್ರೂಪಿನಲ್ಲಿ 43 ಜನ ಇದ್ದೇವೆ. ದಿನವೂ ಆರು ಗಂಟೆಗೆ ಮೊದಲ ಹೂವು ಬರುವುದು ಧಾರವಾಡದ ಮೌಶಿಯಿಂದ. ಸೋಮವಾರ ಶಿವ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಪ್ಪ. ಉಳಿದ ದಿನ ಗುಲಾಬಿ. ಅದಕ್ಕೊಬ್ಬರು ಕೈ ಮುಗಿದ ಚಿತ್ರ ಹಾಕಿದರೆ ಮುಗಿಯಿತು, ಮಿಕ್ಕವರೂ ಹಾಕಲೇಬೇಕು. ಮದುವೆ ಮನೆಯಲ್ಲಿ ಒಬ್ಬರು ಅಕ್ಷತೆ ಹಾಕಿದ ಮೇಲೆ ನಾವು ಕೈ ಕಟ್ಟಿ ನಿಲ್ಲಲು ಆಗುತ್ತದೆಯೇ? ಹಾಗೆ.

ಕಳೆದ ವರ್ಷ ತಮ್ಮನ ಮಗುವಿನ ನಾಮಕರಣ ಹುಬ್ಬಳ್ಳಿಯಲ್ಲಿತ್ತು. ಹಿಂದಿನ ದಿನ ಬೆಳಿಗ್ಗೆ ಏಳು ಗಂಟೆಗೆ ‘ಹಾಲ್ ಬದಲಾಗಿದೆ’ ಅಂತ ಅವನು ಗ್ರೂಪಿನಲ್ಲಿ ಬರೆದಿದ್ದ. ಅದರ ಮೇಲೆ ಮೂವತ್ತೊಂದು ನಮಸ್ಕಾರ ಬಂದು ಕೂತಿದ್ದವು. ನಾವು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಪುಣೆಯಿಂದ ಹೋಗಿ ಇಳಿದದ್ದು ಹಳೆಯ ಹಾಲಿನ ಮುಂದೆ. ಬೀಗ ಹಾಕಿತ್ತು. ಅಲ್ಲಿಯೇ ನಿಂತು ಗ್ರೂಪಿಗೆ ಬರೆದೆ: ‘ದಯವಿಟ್ಟು ಇನ್ನು ಮುಂದೆ ಯಾರೂ ಗುಡ್ ಮಾರ್ನಿಂಗ್ ಫಾರ್ವರ್ಡ್ ಹಾಕಬೇಡಿ.’ ಹೆಸರು ಹಿಡಿದಿರಲಿಲ್ಲ. ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ತಿಳಿಯಿತು.

ಮರುದಿನದಿಂದ ಗ್ರೂಪು ಶಾಂತ. ನನಗೆ ಖುಷಿ. ಒಂದು ತಿಂಗಳ ಮೇಲೆ ಮೌಶಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದಿದ್ದಾರೆ. ಒಬ್ಬರೇ ಇರುವವರು. ಊದಿದ ಕಾಲಿನಲ್ಲಿ ಮೂರು ದಿನ ಗೋಡೆ ಹಿಡಿದು ಓಡಾಡಿದ್ದಾರೆ. ಹಾಲಿನವನು ನೋಡಿ ಪಕ್ಕದ ಮನೆಯವರಿಗೆ ಹೇಳಿದ ಮೇಲೆ ನಮಗೆ ಗೊತ್ತಾದದ್ದು. ಮೊದಲಾಗಿದ್ದರೆ ಒಂದು ದಿನ ಗುಲಾಬಿ ಬರದಿದ್ದರೂ ಎಂಟು ಗಂಟೆಗೆಲ್ಲ ಯಾರಾದರೂ ಫೋನ್ ಮಾಡುತ್ತಿದ್ದರು. ಈಗ ಮೌಶಿ ಸುಮ್ಮನಿದ್ದರೆ ‘ಬೇಡ ಅಂದಿದ್ದಕ್ಕೆ ಸುಮ್ಮನಿದ್ದಾರೆ’ ಅಂತ ಎಲ್ಲರೂ ತಿಳಿದುಕೊಂಡಿದ್ದೆವು. ಅವರ ಹಾಜರಿ ಪುಸ್ತಕವನ್ನು ನಾನೇ ಮುಚ್ಚಿಬಿಟ್ಟಿದ್ದೆ.

ನೋಡಲು ಹೋದಾಗ ಕೇಳಿದೆ, ಒಂದು ಸಾಲು ಬರೀಬಾರದಾಗಿತ್ತಾ ಮೌಶಿ ಅಂತ. ‘ಬರಿಯಾಕ ಬರೂದಿಲ್ಲವಾ. ಒತ್ತು ಎಲ್ಲಿ ಅದಾವ ಗೊತ್ತಾಗೂದಿಲ್ಲ. ಒಂದಕ್ಷರ ಒತ್ತಿದ್ರ ಇನ್ನೊಂದ ಬರ್ತದ. ಹೂವಾದ್ರ ಒಂದ ಸಲ ಒತ್ತಿದ್ರ ಹೋಗ್ತದ’ ಅಂದರು.

ಅಲ್ಲಿಯವರೆಗೆ ನಾನು ಹೂವನ್ನು ಕಸ ಅಂದುಕೊಂಡಿದ್ದೆ. ಮೌಶಿಗೆ ಅದು ಒಂದು ವಾಕ್ಯ: ‘ಎದ್ದೆ, ಆರಾಮ ಇದ್ದೇನೆ, ನೀವೂ ಆರಾಮ ಇರ್ರಿ.’ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ಇಂಥ ಮಾತುಗಳ ಬಗ್ಗೆ 1923ರಲ್ಲಿಯೇ ಬರೆದಿದ್ದಾನೆ. ವಿಷಯ ತಿಳಿಸಲಿಕ್ಕಲ್ಲ, ನಂಟು ಉಳಿಸಿಕೊಳ್ಳಲಿಕ್ಕೆ ಆಡುವ ಮಾತು ಅಂತ. ಬಾಗಿಲಲ್ಲಿ ನಿಂತು ‘ಚಾ ಆತೇನ್ರಿ?’ ಅಂತ ಕೇಳುವವರಿಗೆ ನಮ್ಮ ಚಹಾದ ಲೆಕ್ಕ ಬೇಕಾಗಿರುವುದಿಲ್ಲವಲ್ಲ!

ಹಾಗಂತ ತೊಂದರೆ ಸುಳ್ಳಲ್ಲ. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಭಾರತೀಯರ ಗುಡ್ ಮಾರ್ನಿಂಗ್ ಚಿತ್ರಗಳಿಂದ ಫೋನುಗಳು ತುಂಬಿ ನಿಲ್ಲುತ್ತಿವೆ ಅಂತ ವರದಿ ಮಾಡಿತ್ತು. ಇಂಥ ಚಿತ್ರಗಳನ್ನು ಹುಡುಕಿ ಅಳಿಸುವ ಅನುಕೂಲವನ್ನು ಗೂಗಲ್ ತನ್ನ ಫೈಲ್ಸ್ ಆ್ಯಪಿನಲ್ಲಿ ಕೊಟ್ಟದ್ದೂ ಆ ಹೊತ್ತಿಗೇ.

ಊರಿನಿಂದ ಬಂದ ಮೇಲೆ ನನ್ನ ಫೋನಿನ ಲೆಕ್ಕ ತೆಗೆದೆ. ವಾಟ್ಸಾಪಿನ Settings, ಅದರಲ್ಲಿ Storage and data, ಅದರಲ್ಲಿ Manage storage ಒತ್ತಿದರೆ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ಕಾಣಿಸುತ್ತದೆ. ಹೂವಿನ ಚಿತ್ರ ಒಂದಕ್ಕೆ ಸುಮಾರು 150 ಕೆಬಿ. ದಿನಕ್ಕೆ 20 ಬಂದರೂ 3 ಎಂಬಿ, ತಿಂಗಳಿಗೆ 90 ಎಂಬಿ. ಅದೇ ಕೊಳಲಿನ ದನಿ ಇರುವ ಅರ್ಧ ನಿಮಿಷದ ಸುಪ್ರಭಾತದ ವಿಡಿಯೊ ಒಂದಕ್ಕೆ 4 ಎಂಬಿ. ದಿನಕ್ಕೆ ಐದೇ ಬಂದರೂ ತಿಂಗಳಿಗೆ 600 ಎಂಬಿ! ಫೋನು ತುಂಬಿಸಿದ್ದು ಮೌಶಿಯ ಗುಲಾಬಿ ಆಗಿರಲಿಲ್ಲ.

ಆದ್ದರಿಂದ ಮೊದಲ ಕೆಲಸ ನಮ್ಮ ಫೋನಿನಲ್ಲೇ ಇದೆ. ಅದೇ Storage and data ಒಳಗೆ Media auto-download ಇದೆ. ಅಲ್ಲಿ ವಿಡಿಯೊ ಗುರುತು ತೆಗೆದುಬಿಡಿ. ಬೇಕಾದದ್ದನ್ನು ಒತ್ತಿದರೆ ಮಾತ್ರ ಅದು ಇಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಗ್ರೂಪಿನ ಹೆಸರು ಒತ್ತಿ Media visibility ಅನ್ನುವುದನ್ನು No ಮಾಡಿದರೆ ಮುಂದೆ ಬರುವ ಹೂವುಗಳು ಮಕ್ಕಳ ಫೋಟೊಗಳ ನಡುವೆ ಬೆರೆಯುವುದಿಲ್ಲ. ಆದರೆ ಇದು ಗ್ಯಾಲರಿಯಿಂದ ಮರೆಮಾಡುತ್ತದೆ ಅಷ್ಟೇ, ಜಾಗ ಉಳಿಸುವುದಿಲ್ಲ. ಇವೆರಡನ್ನೂ ನಾವು ಮಾಡಿದ್ದು ಬೇರೆ ಯಾರಿಗೂ ತಿಳಿಯುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಮೌಶಿಯ ಫೋನಿನಲ್ಲೂ ಅವತ್ತೇ ಪಕ್ಕದಲ್ಲಿ ಕೂತು ಮಾಡಿಕೊಡಬಹುದಿತ್ತು. ದೀಪಾವಳಿಗೆ ಹೋದಾಗ ಮಾಡಿಕೊಟ್ಟೆ.

ಎರಡನೆಯದು, ಸರಪಳಿ. ಹೂವಿಗೆ ಹೂವು ಹಾಕಿದರೆ 43 ಫೋನುಗಳಿಗೂ ಹೊಸ ಸಂದೇಶ ಹೋಗುತ್ತದೆ. ಅದರ ಬದಲು ಮೌಶಿಯ ಹೂವನ್ನೇ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಮೇಲೆ ಬರುವ ಕೈ ಮುಗಿದ ಗುರುತನ್ನೋ ಹೃದಯವನ್ನೋ ಮುಟ್ಟಿ. 2022ರಿಂದ ಈ ಅನುಕೂಲ ಇದೆ. ಗುರುತು ಆ ಹೂವಿನ ಕೆಳಗೇ ಅಂಟಿಕೊಳ್ಳುತ್ತದೆ. ಅದರ ಸೂಚನೆ ಬರುವುದು ಮೌಶಿಗೆ ಮಾತ್ರ. ಅವರಿಗೆ ಉತ್ತರ ಸಿಕ್ಕಿತು, ತಮ್ಮನ ‘ಹಾಲ್ ಬದಲಾಗಿದೆ’ ಮೇಲೆ ಹೋಗಲಿಲ್ಲ.

ಮೂರನೆಯದು, ಮುಖ್ಯ ಸುದ್ದಿಗೆ ಬೇರೆ ಜಾಗ. ಮದುವೆ, ಆಸ್ಪತ್ರೆ, ಟಿಕೆಟ್ಟು ಇಂಥವಕ್ಕೆ ಇನ್ನೊಂದು ಗ್ರೂಪು ಮಾಡಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಟ್ಟುಕೊಂಡಿದ್ದೇವೆ. ನಾಲ್ಕು ಮನೆಗೆ ನಾಲ್ವರು ಅಡ್ಮಿನ್. ಹಳೆಯ ಗ್ರೂಪಿಗೆ ಯಾವ ನಿಯಮವೂ ಇಲ್ಲ.

‘ಹನ್ನೊಂದು ಜನರಿಗೆ ಕಳಿಸದಿದ್ದರೆ ಕೆಡುಕು’ ಅನ್ನುವ ಸಂದೇಶವೂ ಬರುತ್ತದೆ. ಅದನ್ನು ಕಳಿಸುವವರು ನಿಜವಾಗಿ ಅಂಜಿರುತ್ತಾರೆ. ಗ್ರೂಪಿನಲ್ಲಿ ಗೇಲಿ ಮಾಡಿದರೆ ಅಂಜಿಕೆ ಹೋಗುವುದಿಲ್ಲ, ಅವಮಾನ ಸೇರಿಕೊಳ್ಳುತ್ತದೆ ಅಷ್ಟೇ. ನಾನು ಮೌಶಿಗೆ ಫೋನ್ ಮಾಡಿ ‘ನನಗ ಬಂತು, ನಾ ಮುಂದ ಕಳಿಸಿಲ್ಲ, ಏನೂ ಆಗಿಲ್ಲ’ ಅಂದೆ. ಎರಡು ಸಲ ಹೀಗಾದ ಮೇಲೆ ಅವರೂ ಕಳಿಸುವುದು ಬಿಟ್ಟರು. ಮನೆಮದ್ದಿನ ಸಂದೇಶ ಮಾತ್ರ ಹೂವಿನ ಜಾತಿಯಲ್ಲ. ಅದರ ಮೇಲೆ ಎರಡು ಬಾಣದ ಗುರುತಿದ್ದರೆ ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ತಪ್ಪಿದ್ದರೆ ತಪ್ಪು ಅಂತ ಹೇಳಲೇಬೇಕು. ಅದನ್ನೂ ಮೊದಲು ಅವರೊಬ್ಬರಿಗೇ ಹೇಳುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೂ ಮೌಶಿ ಹೂವು ಕಳಿಸುತ್ತಿರಲಿಲ್ಲ. ‘ಕಳಿಸ್ರಿ’ ಅಂದರೆ ‘ಇರ್ಲಿ ಬಿಡು, ನಿಮಗ ತ್ರಾಸ’ ಅನ್ನುತ್ತಿದ್ದರು. ಹಾಗಾಗಿ ಒಂದು ಸೋಮವಾರ ನಾನೇ ಆರು ಗಂಟೆಗೆ ಎದ್ದು ನಮ್ಮ ಬಾಲ್ಕನಿಯ ದಾಸವಾಳದ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಹನ್ನೆರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಧಾರವಾಡದಿಂದ ಒಂದು ಧ್ವನಿ ಸಂದೇಶ ಬಂತು: ‘ಸೋಮವಾರ ಬಿಳಿ ಹೂವ ಹಾಕಬೇಕವಾ, ಕೆಂಪ ಅಲ್ಲ.’ ಅದರ ಹಿಂದೆಯೇ ಶಿವ ಬಂದ.

ಈಗ ದಿನವೂ ಆರು ಗಂಟೆಗೆ ಬರುತ್ತದೆ. ನಾನು ಒತ್ತಿ ಹಿಡಿದು ಕೈ ಮುಗಿಯುತ್ತೇನೆ. ಭಾನುವಾರ ಫೋನ್ ಮಾಡಿ, ಕಾಲು ಹೇಗಿದೆ ಅಂತ ಕೇಳುತ್ತೇನೆ. ಏಳು ಗಂಟೆಯಾದರೂ ಹೂವು ಬರಲಿಲ್ಲ ಅಂದರೆ ಮೊದಲು ಫೋನ್ ಮಾಡುವುದು ನನ್ನ ಪಾಳಿ.