ರೋಮನ್ ಲಿಪಿಯಲ್ಲಿ ಕನ್ನಡ ಹಾಡಿನ ಚೀಟಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷದ ರಾಜ್ಯೋತ್ಸವದ ದಿನ ನಮ್ಮ ಮಕ್ಕಳ ಮೇಳ ಹಾಡಿದುದು ತಮಗೆ ನೆನಪಿರಬಹುದು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ‘ದೂರದ ಹಳ್ಳಿಯ’ ಎನ್ನುವಲ್ಲಿ ‘ದೂರದ ಹಲ್ಲಿಯ’ ಎಂದು ಗಟ್ಟಿಯಾಗಿ ಹಾಡಿದಳು. ಹಿರಿಯರಾದ ನಾವೇ ನಕ್ಕುಬಿಟ್ಟೆವು. ಈ ಸಲ ಆ ಮಗು ಮೇಳಕ್ಕೆ ಹೆಸರು ಕೊಡಲು ಒಲ್ಲೆನೆಂದಿದೆ. ತಪ್ಪು ಮಗುವಿನದಲ್ಲ. ಇಂಗ್ಲಿಷು ಅಕ್ಷರದಲ್ಲಿ ಚೀಟಿ ಬರೆದುಕೊಟ್ಟವನು ನಾನು. ಅದರಲ್ಲಿ halli ಎಂದಿತ್ತು. ಆಕೆ ಇದ್ದುದನ್ನು ಇದ್ದಂತೆ ಓದಿದಳು. ಆ ಚೀಟಿಯಲ್ಲಿ ಏನು ಕೆಟ್ಟಿತ್ತು, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಹೇಳಲು ಇಂದು ನಿಂತಿದ್ದೇನೆ.

ಕನ್ನಡ ಅಕ್ಷರ ಕಲಿಸುವುದೇ ಸರಿಯಾದ ದಾರಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಕಲಿಸೋಣ. ಆದರೆ ಹಾಡಿಗೆ ಉಳಿದಿರುವುದು ಆರು ವಾರ. ನಮ್ಮ ಮೇಳದಲ್ಲಿ ಇಂಗ್ಲಿಷು ಶಾಲೆಯ ಮಕ್ಕಳಿದ್ದಾರೆ, ಮರಾಠಿ ಓದುವವರಿದ್ದಾರೆ, ಹೊಟೇಲಿನಲ್ಲಿ ನಮ್ಮೊಡನೆ ದುಡಿಯುವ ತಮಿಳು ಮತ್ತು ಹಿಂದಿ ಗೆಳೆಯರೂ ಇದ್ದಾರೆ. ಇವರೆಲ್ಲರೂ ಓದಬಲ್ಲ ಅಕ್ಷರ ರೋಮನ್ ಒಂದೇ.

ಚೀಟಿಗೆಂದು ನಾನೇ ಕಟ್ಟಿದ್ದ ಸಾಲುಗಳು ಎರಡು:

ದೂರದ ಹಳ್ಳಿಯ ಹಳೆಯ ಹಾಡು
ನಮ್ಮ ಮನದಲಿ ಬೇರು ಬಿಟ್ಟಿತು

ಇವನ್ನು ನಾನು ಹೀಗೆ ಬರೆದಿದ್ದೆ:

Durada halliya haleya hadu
Namma manadali beru bittitu

ಕನ್ನಡ ಬಲ್ಲವನಿಗೆ ಇದರಲ್ಲಿ ಕೊರತೆ ಕಾಣುವುದಿಲ್ಲ, ಏಕೆಂದರೆ ಅವನು ಓದುವುದು ಚೀಟಿಯನ್ನಲ್ಲ, ತನ್ನ ನೆನಪನ್ನು. ಅರಿಯದವನಿಗೆ ಮೂರು ಕಡೆ ಮೋಸವಾಗುತ್ತದೆ.

ಮೊದಲನೆಯದು ಹ್ರಸ್ವ ದೀರ್ಘ. ‘ಹಾಡು’ ಹೋಗಿ ‘ಹಡು’ ಆಗುತ್ತದೆ, ‘ಬೇರು’ ಹೋಗಿ ‘ಬೆರು’ ಆಗುತ್ತದೆ. ಇದರಿಂದ ಅರ್ಥ ಮಾತ್ರವಲ್ಲ, ತಾಳವೂ ಕೆಡುತ್ತದೆ. ಮಾತ್ರೆ ಎಣಿಸಿ ನೋಡಿ: ದೂರದ ನಾಲ್ಕು, ಹಳ್ಳಿಯ ನಾಲ್ಕು, ಹಳೆಯ ಮೂರು, ಹಾಡು ಮೂರು, ಒಟ್ಟು 14. ಎರಡನೆಯ ಸಾಲಿನಲ್ಲಿಯೂ ಮೂರು, ನಾಲ್ಕು, ಮೂರು, ನಾಲ್ಕು ಸೇರಿ 14. ನನ್ನ ಚೀಟಿಯಂತೆ ಓದಿದರೆ ಮೊದಲ ಸಾಲಿಗೆ 12, ಎರಡನೆಯದಕ್ಕೆ 13 ಉಳಿಯುತ್ತದೆ. ತಬಲಾದವರು ಸಿಟ್ಟಾದದ್ದು ಇದಕ್ಕೇ.

ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಬರೆದರಾಯಿತು ಎನ್ನುವಿರಿ. ‘ಆ’ಗೆ aa ನಡೆಯುತ್ತದೆ. ಆದರೆ ‘ಬೇರು’ ಎಂಬುದಕ್ಕೆ beeru ಎಂದು ಬರೆದರೆ ಇಂಗ್ಲಿಷು ಶಾಲೆಯ ಮಗು ‘ಬೀರು’ ಎನ್ನುತ್ತದೆ. Oo ಕಂಡರೆ ‘ಊ’ ಎನ್ನುತ್ತದೆ. ಆದುದರಿಂದ ಸ್ವರದ ತಲೆಯ ಮೇಲೆ ಗೆರೆ ಎಳೆಯುವುದೇ ಲೇಸು: ā, ī, ū, ē, ō. ಸಂಸ್ಕೃತ ಗ್ರಂಥಗಳ ರೋಮನ್ ಬರಹದಲ್ಲಿ ‘ಏ’ ‘ಓ’ಗಳಿಗೆ ಗೆರೆ ಇರುವುದಿಲ್ಲ, ಆ ಭಾಷೆಯಲ್ಲಿ ಹ್ರಸ್ವ ‘ಎ’ ‘ಒ’ಗಳೇ ಇಲ್ಲ. ಕನ್ನಡಕ್ಕೆ ಎರಡೂ ಉಂಟು, ಗೆರೆ ಬೇಕೇ ಬೇಕು. ಮೊಬೈಲಿನಲ್ಲಿ ಬರೆಯುವವರು a ಅಕ್ಷರವನ್ನು ಒತ್ತಿ ಹಿಡಿದರೆ ā ಮೇಲೆ ಬರುತ್ತದೆ.

ಎರಡನೆಯ ಮೋಸ ನಾಲಿಗೆಯದು. ತ ಮತ್ತು ಟ, ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಈ ಜೋಡಿಗಳಿಗೆ ನನ್ನ ಚೀಟಿಯಲ್ಲಿ ಒಂದೊಂದೇ ಅಕ್ಷರವಿತ್ತು. ಹಳ್ಳಿ ಹಲ್ಲಿಯಾದದ್ದು ಹೀಗೆ. ‘ಬೇರು ಬಿಟ್ಟಿತು’ ಎಂಬುದನ್ನು ಇನ್ನೊಬ್ಬ ಹುಡುಗ ‘ಬಿತ್ತಿತು’ ಎಂದು ಹಾಡಿದ. ಬೇರು ಬಿಡುವುದೂ ಬೀಜ ಬಿತ್ತುವುದೂ ಬೇರೆಯಲ್ಲವೇ? 2001ರಲ್ಲಿ ಪ್ರಕಟವಾದ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಟ, ಡ, ಣ, ಳಗಳಿಗೆ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾರೆ. ಪಂಡಿತರಿಗೆ ಅದು ಸರಿ. ನಮ್ಮ ಚೀಟಿ ಝೆರಾಕ್ಸಿನ ಝೆರಾಕ್ಸು, ಚುಕ್ಕೆ ಅಳಿದುಹೋಗುತ್ತದೆ. ಆದಕಾರಣ ನಾನು ಈ ನಾಲ್ಕಕ್ಕೆ ದೊಡ್ಡಕ್ಷರ ಇಡುತ್ತೇನೆ: T, D, N, L. ನಾಲಿಗೆಯ ತುದಿ ಮೇಲಕ್ಕೆ ಮಡಚಿದರೆ ಅಕ್ಷರ ದೊಡ್ಡದು ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು. ಆದರೆ ಒಂದು ಕಟ್ಟುನಿಟ್ಟು: ಬೇರೆ ಯಾವ ಕಾರಣಕ್ಕೂ ದೊಡ್ಡಕ್ಷರ ಬರೆಯಕೂಡದು, ಸಾಲಿನ ಆರಂಭದಲ್ಲಿ ಕೂಡ. ನನ್ನ ಎರಡನೆಯ ಸಾಲು Namma ಎಂದು ತೊಡಗಿತ್ತು. ಹೊಸ ಲೆಕ್ಕದಲ್ಲಿ ಅದು ‘ಣಮ್ಮ’! ಮೊಬೈಲು ತಾನಾಗಿ ಮೊದಲಕ್ಷರವನ್ನು ದೊಡ್ಡದು ಮಾಡುತ್ತದೆ, ನೋಡಿ ತಿದ್ದಬೇಕು.

ಇಲ್ಲಿಯೇ ಇನ್ನೊಂದು ಮಾತು. ನಮ್ಮವರು ‘ತ’ ಬರೆಯಲು th ಬಳಸುತ್ತಾರೆ. ಗೀತಾ ಎಂಬ ಹೆಸರನ್ನು Geetha ಎಂದು ಬರೆಯುವ ರೂಢಿ. ಚೀಟಿಯಲ್ಲಿ ಅದು ನಡೆಯದು, ಮಹಾಪ್ರಾಣ ‘ಥ’ಕ್ಕೆ th ಬೇಕು. t ಎಂದರೆ ತ, T ಎಂದರೆ ಟ ಎಂಬುದನ್ನು ಚೀಟಿಯ ತಲೆಯಲ್ಲಿಯೇ ಬರೆದಿಡಿ.

ಮೂರನೆಯ ಮೋಸ ಕೊನೆಯ ‘ಅ’ಕಾರದ್ದು. ಹಿಂದಿ, ಮರಾಠಿಯವರು ‘ರಾಮ’ ಎಂದು ಬರೆದು ‘ರಾಮ್’ ಎನ್ನುವವರು. ‘ದೂರದ’ ಎಂಬುದು ಅವರ ಬಾಯಲ್ಲಿ ‘ದೂರದ್’ ಆಗುತ್ತದೆ, ಕೊನೆಯ ಸ್ವರ ಹೋಯಿತು. ಇದಕ್ಕೆ ಚಿಹ್ನೆ ಬೇಡ; ಬರೆದ a ಎಲ್ಲವನ್ನೂ ಉಚ್ಚರಿಸಬೇಕೆಂದು ಬಾಯಿಮಾತಿನಲ್ಲಿ ಹೇಳಿ, ಒತ್ತಕ್ಷರವಿದ್ದಲ್ಲಿ ಎರಡು ವ್ಯಂಜನವನ್ನೂ ಬರೆಯಿರಿ.

ಈಗ ತಿದ್ದಿದ ಚೀಟಿ ನೋಡಿ:

dūrada haLLiya haLeya hāDu
namma manadali bēru biTTitu

ಹಾಡಿಸುವವರು ಒಂದು ಎಡವಟ್ಟು ಮಾಡುತ್ತಾರೆ. ರಾಗದಲ್ಲಿ ‘ಹಳೆಯ’ ಎಂಬುದರ ಕೊನೆಯನ್ನು ಎಳೆಯಬೇಕಾದರೆ haLeyā ಎಂದು ಗೆರೆ ಹಾಕುತ್ತಾರೆ. ಹಾಗೆ ಮಾಡಬಾರದು. ಗೆರೆ ಮಾತಿನ ದೀರ್ಘಕ್ಕೆ ಮೀಸಲು. ರಾಗದ ಎಳೆತಕ್ಕೆ ಮುಂದೆ ಅಡ್ಡಗೀಟು ಸಾಕು: haLeya - -. ಇಲ್ಲವಾದರೆ ಮಗು ಆ ಪದವನ್ನು ಜನ್ಮವಿಡೀ ‘ಹಳೆಯಾ’ ಎಂದೇ ಕಲಿತೀತು.

ಚೀಟಿ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಬರೆದವನು ತಾನೇ ಓದಿ ನೋಡಿದರೆ ಪ್ರಯೋಜನವಿಲ್ಲ. ಹಾಡನ್ನು ಕೇಳಿಯೇ ಇಲ್ಲದ, ಕನ್ನಡ ಓದಲು ಬಾರದ ಒಬ್ಬರ ಕೈಗೆ ಕೊಟ್ಟು ನಿಧಾನವಾಗಿ ಓದಿಸಿ. ಕನ್ನಡ ಬಲ್ಲ ಇನ್ನೊಬ್ಬರು ಚೀಟಿಗೆ ಬೆನ್ನು ಮಾಡಿ ಕುಳಿತು, ಕಿವಿಗೆ ಬಿದ್ದುದನ್ನು ಬಿದ್ದಂತೆ ಕನ್ನಡದಲ್ಲಿ ಬರೆದುಕೊಳ್ಳಲಿ. ಮೂಲದ ಪಕ್ಕದಲ್ಲಿಟ್ಟರೆ ತಪ್ಪು ತಾನಾಗಿ ಕಾಣುತ್ತದೆ. ಒಂದೇ ಕಡೆ ಇಬ್ಬರು ಮೂವರು ಎಡವಿದರೆ ಚೀಟಿಯ ತಪ್ಪು; ಒಬ್ಬನೇ ಎಡವಿದರೆ ಅವನ ನಾಲಿಗೆಗೆ ಅಭ್ಯಾಸ ಸಾಲದು.

ಚೀಟಿಯಿಂದ ಆಗದ ಕೆಲಸವೂ ಉಂಟು. ಎಲ್ಲಿ ‘ಳ’ ಬರುತ್ತದೆಂದು ಅದು ತೋರಿಸೀತು. ‘ಳ’ ಹೇಗಿರುತ್ತದೆಂದು ತೋರಿಸಲಾರದು. ಮರಾಠಿ, ತಮಿಳು ಗೆಳೆಯರಿಗೆ ಆ ಧ್ವನಿ ತಮ್ಮ ಭಾಷೆಯಲ್ಲಿಯೇ ಇದೆ, ನೆನಪಿಸಿದರೆ ಸಾಕು. ಹಿಂದಿಯವರಿಗೆ ಎದುರು ಕುಳಿತು ಬಾಯಿ ತೆರೆದು ತೋರಿಸಬೇಕು. ಆ ಕೆಲಸ ನಮ್ಮ ಅಜ್ಜಿಯಂದಿರದು. ಅಕ್ಷರ ಬಾರದಿದ್ದರೂ ಅವರ ‘ಳ’ಕಾರ ನಮ್ಮೆಲ್ಲರದಕ್ಕಿಂತ ಅಚ್ಚುಕಟ್ಟು.

ಬರುವ ಭಾನುವಾರ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ಹೊಸ ಚೀಟಿಯ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲು ಓದಿ ತಪ್ಪು ಹಿಡಿದುಕೊಡಬೇಕೆಂದು ಆ ಹುಡುಗಿಯನ್ನೇ ಕೇಳಿಕೊಂಡಿದ್ದೇನೆ. ನಗುವುದಿಲ್ಲವಾದರೆ ಬರುತ್ತೇನೆಂದಿದ್ದಾಳೆ. ಮಾತು ಕೊಟ್ಟಿದ್ದೇನೆ, ನಡೆಸಿಕೊಡುವ ಭಾರ ತಮ್ಮದೂ ಹೌದು.